ಆರು ಸಾವಿರ ರೂಪಾಯಿಯ ಗೋಡೆ

2014ರ ಜುಲೈ ತಿಂಗಳು. ಮಲೆನಾಡಿನ ಮಳೆ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ನಮ್ಮ ಭಾವ ಸಂಜೆ ಆರೂವರೆ ಹೊತ್ತಿಗೆ ತಮ್ಮ ಕಾರಿನಲ್ಲಿ ಪೇಟೆಯಿಂದ ಮನೆಗೆ ಹೊರಟಿದ್ದರು. ಊರ ಬಾಗಿಲಲ್ಲಿ ಒಂದು ತಿರುವಿದೆ, ಎಡಕ್ಕೆ ಶೆಟ್ಟರ ದಿನಸಿ ಅಂಗಡಿ, ಅದರ ಮಗ್ಗುಲಲ್ಲೇ ಕರೆಂಟು ಕಂಬ. ಎದುರಿಗೆ ದನವೊಂದು ಅಡ್ಡ ಬಂತು. ಭಾವ ಬ್ರೇಕ್ ಒತ್ತಿದರು, ಕಾರು ನಿಲ್ಲಲಿಲ್ಲ, ಜಾರಿತು. ಮೊದಲು ಕಂಬಕ್ಕೆ ಗುದ್ದಿ, ಅಲ್ಲಿಂದ ತಿರುಗಿ ಅಂಗಡಿಯ ಪಕ್ಕದ ಗೋಡೆಗೆ ಹೋಗಿ ನಿಂತಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆದರೆ ಕಂಬ ಬುಡದಲ್ಲಿ ಮುರಿದು ವಾಲಿತ್ತು, ಗೋಡೆಯ ಒಂದು ಭಾಗ ಒಳಕ್ಕೆ ಬಿದ್ದಿತ್ತು, ಷಟರು ಬಾಗಿತ್ತು, ಅರ್ಧ ಊರು ಕತ್ತಲಲ್ಲಿತ್ತು.

ಭಾವನಿಗೆ ಆ ಗಾಬರಿಯಲ್ಲೂ ಒಂದು ಧೈರ್ಯ ಇತ್ತು. "ಇನ್ಶೂರೆನ್ಸ್ ಇದೆಯಲ್ಲ ಮಾರಾಯ, ಫುಲ್ ಇನ್ಶೂರೆನ್ಸ್. ಥರ್ಡ್ ಪಾರ್ಟಿ ಅಂತಾನೇ ಬೇರೆ ದುಡ್ಡು ಕಟ್ಟಿದೀನಿ" ಅಂತ ಫೋನಿನಲ್ಲಿ ನನಗೆ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ನಾಲ್ಕು ದಿನ ಬಿಟ್ಟು ಪಾಲಿಸಿ ಕಾಗದ ಕೈಗೆ ತೆಗೆದುಕೊಂಡು ಓದಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಮೂರನೆಯವರ ಆಸ್ತಿ ಹಾನಿಗೆ ಮಿತಿ: ರೂಪಾಯಿ 6,000.

ಆರು ಲಕ್ಷ ಅಲ್ಲ, ಅರವತ್ತು ಸಾವಿರ ಅಲ್ಲ. ಆರು ಸಾವಿರ! ಈ ಅಂಕಿ ಎಲ್ಲಿಂದ ಬಂತು, ಯಾರು ಯಾವಾಗ ಇದನ್ನು ನಿಗದಿ ಮಾಡಿದರು ಅನ್ನುವ ಕುತೂಹಲ ಆಗ ಶುರುವಾದದ್ದು. ಹುಡುಕುತ್ತಾ ಹೋದರೆ ಅದು ನಮ್ಮ ದೇಶದ ಮೋಟಾರು ಕಾನೂನಿನ ಚರಿತ್ರೆಯನ್ನೇ ಬಿಚ್ಚಿಕೊಂಡು ಹೋಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಗೋಡೆಗೆ ಲೆಕ್ಕವಿಲ್ಲದ ಕಾಲ

ಮೊದಲು ಒಂದು ಮಾತು. ಥರ್ಡ್ ಪಾರ್ಟಿ ಅಂದರೆ ಯಾರು? ವಿಮೆ ಅನ್ನುವುದು ಒಂದು ಕರಾರು. ಅದರಲ್ಲಿ ಗಾಡಿಯ ಯಜಮಾನ ಒಬ್ಬ, ವಿಮಾ ಕಂಪನಿ ಇನ್ನೊಬ್ಬ. ಈ ಇಬ್ಬರನ್ನೂ ಬಿಟ್ಟು, ಗಾಡಿಯಿಂದ ಪೆಟ್ಟು ತಿಂದವನು ಮೂರನೆಯವನು. ನಮ್ಮ ಕಥೆಯಲ್ಲಿ ಶೆಟ್ಟರು ಮೂರನೆಯವರು. ಕರೆಂಟು ಕಂಬದ ಮಾಲೀಕರಾದ ವಿದ್ಯುತ್ ಕಂಪನಿಯೂ ಮೂರನೆಯವರೇ.

ಬ್ರಿಟಿಷರ ಕಾಲದಲ್ಲಿ 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಅದರ ಎಂಟನೇ ಅಧ್ಯಾಯದಲ್ಲಿ ವಿಮೆ ಕಡ್ಡಾಯ ಅಂತ ಇತ್ತು. ಆದರೆ ಆ ಅಧ್ಯಾಯವನ್ನು ಕೂಡಲೇ ಜಾರಿ ಮಾಡಲಿಲ್ಲ. ನಡುವೆ ಮಹಾಯುದ್ಧ ಬಂತು, ಏಳು ವರ್ಷ ಕಾದು 1946ರ ಜುಲೈ 1ರಿಂದ ಅದು ಜಾರಿಗೆ ಬಂತು. ಅಂದರೆ ಸ್ವಾತಂತ್ರ್ಯಕ್ಕೆ ಬರೀ ಒಂದು ವರ್ಷ ಮೊದಲು ಮಾತ್ರ ನಮ್ಮಲ್ಲಿ ಗಾಡಿಗಳಿಗೆ ವಿಮೆ ಕಡ್ಡಾಯವಾಯಿತು.

ಆ ಕಾಯ್ದೆಯ 95ನೇ ಸೆಕ್ಷನ್ ಪಾಲಿಸಿಯಲ್ಲಿ ಏನೇನು ಇರಲೇಬೇಕು ಅಂತ ಹೇಳುತ್ತಿತ್ತು. ಜನ ಸತ್ತರೆ, ಜನರಿಗೆ ಗಾಯವಾದರೆ ಅದರ ಹೊಣೆ. ಅಷ್ಟೇ. ಗೋಡೆ, ಕಂಬ, ಬೇಲಿ, ಎತ್ತಿನಗಾಡಿ ಇವುಗಳ ಮಾತೇ ಇರಲಿಲ್ಲ. ಇದು ಇಂಗ್ಲೆಂಡಿನ 1930ರ ರಸ್ತೆ ಕಾನೂನಿನ ಅಚ್ಚು. ಅಲ್ಲಿಯೂ ಮನುಷ್ಯರಿಗೆ ಆದ ಹಾನಿಗೆ ಮಾತ್ರ ವಿಮೆ ಕಡ್ಡಾಯವಾಗಿತ್ತು.

ಹಾಗಾದರೆ 1950ರಲ್ಲಿ ಲಾರಿಯೊಂದು ಯಾರದೋ ಅಂಗಡಿ ಗೋಡೆ ಕೆಡವಿದರೆ ಅಂಗಡಿಯವನು ಏನು ಮಾಡಬೇಕಿತ್ತು? ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕಿತ್ತು. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀಸು ಕಟ್ಟಬೇಕು, ವಕೀಲರನ್ನು ಹಿಡಿಯಬೇಕು, ಡ್ರೈವರನ ಅಜಾಗರೂಕತೆ ಸಾಬೀತು ಮಾಡಬೇಕು. ಗೆದ್ದರೂ ವಸೂಲಿ ಲಾರಿ ಮಾಲೀಕನಿಂದಲೇ ಆಗಬೇಕು. ಆತನ ಹತ್ತಿರ ದುಡ್ಡಿಲ್ಲದಿದ್ದರೆ ಡಿಕ್ರಿ ಕಾಗದವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು, ಆ ಗೋಡೆ ಉಳಿದಿದ್ದರೆ!

1956ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಅಪಘಾತದ ಪರಿಹಾರಕ್ಕಂತಲೇ ಪ್ರತ್ಯೇಕ ಕ್ಲೇಮ್ಸ್ ಟ್ರಿಬ್ಯೂನಲ್‌ಗಳು ಬರುವ ದಾರಿ ತೆರೆಯಿತು. ಆದರೆ ಅದೂ ಸಾವು ನೋವಿಗೆ ಮಾತ್ರ. ಗೋಡೆ ಬಿದ್ದವನು ಸಿವಿಲ್ ಕೋರ್ಟಿನ ಬೆಂಚಿನ ಮೇಲೇ ಕೂತಿದ್ದ.

ಎರಡು ಸಾವಿರ ಬಂದದ್ದು

1969ರಲ್ಲಿ ಸಂಸತ್ತು ಮತ್ತೊಮ್ಮೆ ಕಾಯ್ದೆ ತಿದ್ದಿತು. 1970ರ ಮಾರ್ಚ್ 2ರಿಂದ ಜಾರಿಗೆ ಬಂದ ಈ ತಿದ್ದುಪಡಿಯಲ್ಲಿ ಮೊಟ್ಟಮೊದಲ ಸಲ "ಮೂರನೆಯವರ ಆಸ್ತಿಗೆ ಆದ ಹಾನಿ" ಅನ್ನುವುದು ಕಡ್ಡಾಯ ವಿಮೆಯೊಳಗೆ ಸೇರಿತು. ಯಾವ ಬಗೆಯ ಗಾಡಿಯೇ ಆಗಲಿ, ಒಟ್ಟು ಎರಡು ಸಾವಿರ ರೂಪಾಯಿ ಮಿತಿ.

ಈ ವಿಷಯದಲ್ಲಿ ನಾವು ಇಂಗ್ಲೆಂಡನ್ನು ಹಿಂದೆ ಹಾಕಿದ್ದೆವು ಅನ್ನುವುದು ನನಗೆ ಆಶ್ಚರ್ಯ ತಂದ ಸಂಗತಿ. ಯಾರ ಕಾನೂನನ್ನು ನೋಡಿ ನಾವು ಬರೆದುಕೊಂಡೆವೋ ಆ ಬ್ರಿಟನ್ನಿನಲ್ಲಿ ಆಸ್ತಿ ಹಾನಿಗೆ ವಿಮೆ ಕಡ್ಡಾಯವಾದದ್ದು 1988ರ ಕೊನೆಯಲ್ಲಿ, ಅದೂ ಯುರೋಪಿನ ಒಕ್ಕೂಟದ ನಿಯಮಕ್ಕೆ ಕಟ್ಟುಬಿದ್ದು. ಹದಿನೆಂಟು ವರ್ಷ ಮೊದಲೇ ನಮ್ಮಲ್ಲಿ ಅದು ಬಂದಿತ್ತು. ಆದರೆ ಅವರು ತಂದಾಗ ಎರಡೂವರೆ ಲಕ್ಷ ಪೌಂಡಿನ ಮಿತಿ ತಂದರು, ನಾವು ತಂದದ್ದು ಎರಡು ಸಾವಿರ ರೂಪಾಯಿ.

ಎರಡು ಸಾವಿರ ಅಂದರೆ ಈಗ ನಗು ಬರುತ್ತದೆ. ಆದರೆ ಆ ಕಾಲದ ಲೆಕ್ಕದಲ್ಲಿ ನೋಡಬೇಕು. 1970ರಲ್ಲಿ ಹತ್ತು ಗ್ರಾಂ ಚಿನ್ನ ಇನ್ನೂರು ರೂಪಾಯಿಯೊಳಗೆ ಸಿಗುತ್ತಿತ್ತು. ಅಂದರೆ ಎರಡು ಸಾವಿರಕ್ಕೆ ನೂರು ಗ್ರಾಂಗಿಂತ ಹೆಚ್ಚು ಚಿನ್ನ. ಒಂದು ಅಂಗಡಿಯ ಗೋಡೆ ಕಟ್ಟಿಸಿ, ಸುಣ್ಣ ಬಳಿದು, ಮಿಕ್ಕ ದುಡ್ಡಲ್ಲಿ ಬಾಗಿಲಿಗೆ ತೋರಣವನ್ನೂ ಕಟ್ಟಬಹುದಾಗಿತ್ತು. ಅಂದರೆ ಮಿತಿ ಹಾಕಿದವರು ಕಂಜೂಸರಾಗಿರಲಿಲ್ಲ. ಆ ದಿನಕ್ಕೆ ಅದು ತಕ್ಕ ಮೊತ್ತವೇ.

ಇದೇ ತಿದ್ದುಪಡಿ ಆಸ್ತಿ ಹಾನಿಯ ಕ್ಲೇಮನ್ನೂ ಟ್ರಿಬ್ಯೂನಲ್ಲಿಗೆ ಒಪ್ಪಿಸಿತು. ಹಾನಿ ಎರಡು ಸಾವಿರ ಮೀರಿದರೆ, ಬೇಕಿದ್ದರೆ ಸಿವಿಲ್ ಕೋರ್ಟಿಗೂ ಹೋಗಬಹುದು ಅನ್ನುವ ಆಯ್ಕೆ ಇಟ್ಟಿತ್ತು.

ಆರು ಸಾವಿರ, ಮತ್ತು ಅಲ್ಲಿಗೇ ನಿಂತ ಗಡಿಯಾರ

1982ರ ತಿದ್ದುಪಡಿಯಲ್ಲಿ ಎರಡು ಸಾವಿರ ಆರು ಸಾವಿರವಾಯಿತು. ಮೂರು ಪಟ್ಟು! ಕೇಳಲು ಚೆನ್ನಾಗಿದೆ. ಆದರೆ ಅಷ್ಟರಲ್ಲಿ ಹತ್ತು ಗ್ರಾಂ ಚಿನ್ನ ಸಾವಿರದ ಆರುನೂರರ ಆಸುಪಾಸಿಗೆ ಬಂದಿತ್ತು. ಎರಡು ಸಾವಿರಕ್ಕೆ ನೂರು ಗ್ರಾಂ ಬರುತ್ತಿದ್ದ ಕಡೆ ಆರು ಸಾವಿರಕ್ಕೆ ಮೂವತ್ತಾರೋ ಮೂವತ್ತೇಳೋ ಗ್ರಾಂ. ಅಂಕಿ ಮೂರು ಪಟ್ಟು ಬೆಳೆಯಿತು, ಅದರ ತೂಕ ಮೂರನೇ ಒಂದು ಭಾಗಕ್ಕೆ ಇಳಿಯಿತು.

ಆಮೇಲೆ 1988ರಲ್ಲಿ ಹಳೆಯ ಕಾಯ್ದೆಯನ್ನೇ ತೆಗೆದು ಹೊಸ ಮೋಟಾರು ವಾಹನ ಕಾಯ್ದೆ ತಂದರು. 1989ರ ಜುಲೈ 1ರಿಂದ ಜಾರಿ. ಈ ಕಾಯ್ದೆಯಲ್ಲಿ ಒಂದು ದೊಡ್ಡ ಸುಧಾರಣೆ ಆಯಿತು. ಸಾವು ಮತ್ತು ಗಾಯದ ವಿಷಯದಲ್ಲಿ ಕಂಪನಿಯ ಹೊಣೆಗೆ ಹಿಂದೆ ಇದ್ದ ಮಿತಿಗಳನ್ನೆಲ್ಲ ಎತ್ತಿಹಾಕಿದರು. ಟ್ರಿಬ್ಯೂನಲ್ ಎಷ್ಟು ಹೇಳುತ್ತದೋ ಅಷ್ಟು. ಆದರೆ 147ನೇ ಸೆಕ್ಷನ್ನಿನಲ್ಲಿ ಆಸ್ತಿಯ ವಿಷಯಕ್ಕೆ ಬಂದಾಗ ಹಳೇ ಅಂಕಿಯನ್ನೇ ತಂದು ಕೂರಿಸಿದರು: ಆರು ಸಾವಿರ ರೂಪಾಯಿ.

ಈ ಅಂಕಿಯ ಜೊತೆಗೆ ಎರಡು ವಿಷಯ ಅದೇ ಕಾಯ್ದೆಯಲ್ಲಿದೆ, ಎರಡೂ ನಮ್ಮ ಕಥೆಗೆ ಮುಖ್ಯ.

ಒಂದು, ಆಸ್ತಿ ಅಂದರೆ ಏನು ಅನ್ನುವುದರ ಪಟ್ಟಿ. 145ನೇ ಸೆಕ್ಷನ್ನು ಆಸ್ತಿ ಅನ್ನುವುದರಲ್ಲಿ ರಸ್ತೆ, ಸೇತುವೆ, ಮೋರಿ, ಮರ, ಕಂಬ, ಮೈಲಿಗಲ್ಲು ಎಲ್ಲವನ್ನೂ ಸೇರಿಸುತ್ತದೆ. ಮೂರನೆಯವರು ಅನ್ನುವುದರಲ್ಲಿ ಸರ್ಕಾರವೂ ಸೇರುತ್ತದೆ ಅಂತಲೂ ಹೇಳುತ್ತದೆ. ಹಾಗಾಗಿ "ಸರ್ಕಾರಿ ಕಂಬಕ್ಕೆ ಇನ್ಶೂರೆನ್ಸ್ ಬರಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎರಡು, ಮಿತಿ ಲೆಕ್ಕ ಹಾಕುವ ರೀತಿ. ಮಿತಿ ಇರುವುದು ಒಂದು ಅಪಘಾತಕ್ಕೆ. ಒಬ್ಬೊಬ್ಬ ಮಾಲೀಕನಿಗೆ ಅಲ್ಲ, ಒಂದೊಂದು ವಸ್ತುವಿಗೂ ಅಲ್ಲ. ಒಂದೇ ಗುದ್ದಿಗೆ ಗೋಡೆಯೂ ಹೋಗಿ ಕಂಬವೂ ಹೋದರೆ ಆ ಆರು ಸಾವಿರದಲ್ಲೇ ಇಬ್ಬರೂ ಹಂಚಿಕೊಳ್ಳಬೇಕು.

ಮಿತಿ ಯಾರದ್ದು?

ಎಲ್ಲರೂ ಎಡವುವುದು ಇಲ್ಲಿಯೇ, ಭಾವನೂ ಇಲ್ಲೇ ಎಡವಿದರು. ಆರು ಸಾವಿರ ಅಂತ ಓದಿದ ಮೇಲೆ ಅವರು ಹೇಳಿದ್ದು, "ಹಾಗಾದ್ರೆ ಕಾನೂನು ಪ್ರಕಾರ ಶೆಟ್ಟರಿಗೆ ಆರು ಸಾವಿರಕ್ಕಿಂತ ಜಾಸ್ತಿ ಕೇಳೋ ಹಕ್ಕೇ ಇಲ್ಲ ಅಂತಾಯ್ತು."

ಇಲ್ಲ. ಆ ಮಿತಿ ಕಂಪನಿಯ ಹೊಣೆಗೆ ಹಾಕಿದ ಮಿತಿ. ಗಾಡಿ ಮಾಲೀಕನ ಹೊಣೆಗೆ ಕಾಯ್ದೆ ಯಾವ ಮಿತಿಯನ್ನೂ ಹಾಕಿಲ್ಲ. ಶೆಟ್ಟರಿಗೆ ಆದ ನಷ್ಟ ಎಷ್ಟೋ ಅಷ್ಟನ್ನೂ ಕೇಳಬಹುದು, ಸಾಬೀತು ಮಾಡಿದಷ್ಟನ್ನೂ ಟ್ರಿಬ್ಯೂನಲ್ ಕೊಡಬಹುದು. ಅದರಲ್ಲಿ ಮೊದಲ ಆರು ಸಾವಿರ ಕಂಪನಿಯ ತಲೆಗೆ, ಮಿಕ್ಕದ್ದು ಮಾಲೀಕನ ತಲೆಗೆ.

"ಆದ್ರೆ ನಂದು ಫುಲ್ ಇನ್ಶೂರೆನ್ಸ್ ಅಲ್ವಾ?" ಅನ್ನುವುದು ಅವರ ಎರಡನೇ ಪ್ರಶ್ನೆ. ಇದಕ್ಕೆ ಸುಪ್ರೀಂ ಕೋರ್ಟ್ 1988ರಲ್ಲೇ ಜುಗಲ್ ಕಿಶೋರ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಕಾಂಪ್ರಹೆನ್ಸಿವ್ ಪಾಲಿಸಿ ಅಂದರೆ ನಿಮ್ಮ ಸ್ವಂತ ಗಾಡಿಯ ಹಾನಿಗೂ ದುಡ್ಡು ಸಿಗುತ್ತದೆ ಅಂತ ಮಾತ್ರ ಅರ್ಥ. ಅದಕ್ಕೆ ಕಟ್ಟಿದ ಹೆಚ್ಚಿನ ಪ್ರೀಮಿಯಂ ಮೂರನೆಯವರ ಮಿತಿಯನ್ನು ತಾನಾಗಿ ಹೆಚ್ಚಿಸುವುದಿಲ್ಲ. ಹೆಚ್ಚಿಸಬೇಕಿದ್ದರೆ ಅದಕ್ಕೆ ಬೇರೆಯದೇ ಪ್ರೀಮಿಯಂ, ಬೇರೆಯದೇ ಕರಾರು ಬೇಕು. ಅದೇ ತೀರ್ಪಿನಲ್ಲಿ ಕೋರ್ಟ್ ಇನ್ನೊಂದು ಒಳ್ಳೆಯ ಮಾತು ಹೇಳಿತು: ಮಿತಿ ಇದೆ ಅಂತ ವಾದಿಸುವ ಕಂಪನಿ ಪಾಲಿಸಿಯ ಪ್ರತಿಯನ್ನು ಕೋರ್ಟಿನ ಮುಂದೆ ಇಡಬೇಕು, ಬರೀ ಬಾಯಿಮಾತು ಸಾಲದು. 2002ರಲ್ಲಿ ಸಿ.ಎಂ. ಜಯಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಗಟ್ಟಿ ಮಾಡಿತು. ವಿಶೇಷ ಕರಾರು ಇಲ್ಲದಿದ್ದರೆ ಕಾನೂನಿನ ಮಿತಿಯಷ್ಟೇ ಕಂಪನಿಯ ಹೊಣೆ. ಎರಡೂ ಪ್ರಕರಣ ಹಳೆಯ ಕಾಯ್ದೆಯ ಕಾಲದ ಸಾವು ನೋವಿನ ಮಿತಿಗೆ ಸಂಬಂಧಿಸಿದವು. ಆದರೆ ತತ್ವ ಗೋಡೆಗೂ ಅದೇ.

ನೂರು ರೂಪಾಯಿಯ ರಿಯಾಯಿತಿ

ಹಾಗಾದರೆ ಎಲ್ಲ ಕಾರುಗಳಿಗೂ ಆರು ಸಾವಿರವೇ ಇತ್ತಾ? ಇಲ್ಲ, ಇಲ್ಲೇ ಕಥೆಗೆ ತಿರುವು.

ಕಾನೂನಿನ ಅಂಕಿ ಮಲಗಿದ್ದರೂ ವಿಮೆಯ ವ್ಯವಹಾರ ಮಲಗಿರಲಿಲ್ಲ. ಆಗ ದೇಶದ ಎಲ್ಲ ಕಂಪನಿಗಳೂ ಒಂದೇ ದರಪಟ್ಟಿಯ ಪ್ರಕಾರ ಪಾಲಿಸಿ ಮಾರಬೇಕಿತ್ತು. ಅದನ್ನು ಮಾಡುತ್ತಿದ್ದದ್ದು ಟ್ಯಾರಿಫ್ ಅಡ್ವೈಸರಿ ಕಮಿಟಿ. 2002ರ ಜುಲೈ 1ರಿಂದ ಜಾರಿಗೆ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್‌ನಲ್ಲಿ ಮೂರನೆಯವರ ಆಸ್ತಿಯ ಮಿತಿಯನ್ನು ಖಾಸಗಿ ಕಾರಿಗೆ ಏಳೂವರೆ ಲಕ್ಷ, ದ್ವಿಚಕ್ರ ವಾಹನಕ್ಕೆ ಒಂದು ಲಕ್ಷ ಅಂತ ಇಟ್ಟರು. ಮಾಮೂಲು ಪ್ರೀಮಿಯಂ ಕಟ್ಟಿದರೆ ಇಷ್ಟು ರಕ್ಷಣೆ ತಾನಾಗಿಯೇ ಸಿಗುತ್ತಿತ್ತು. ಕಾನೂನು ಕೇಳಿದ್ದು ಆರು ಸಾವಿರ, ಪಾಲಿಸಿ ಕೊಟ್ಟದ್ದು ಅದರ ನೂರಿಪ್ಪತ್ತೈದು ಪಟ್ಟು!

ಆದರೆ ಅದೇ ದರಪಟ್ಟಿಯಲ್ಲಿ ಒಂದು ಸಣ್ಣ ಕಿಂಡಿಯನ್ನೂ ಬಿಟ್ಟಿದ್ದರು. ಐಎಂಟಿ 20 ಅಂತ ಅದರ ಸಂಖ್ಯೆ. ಗಿರಾಕಿ ಬಯಸಿದರೆ ಈ ಮಿತಿಯನ್ನು ಕಾನೂನಿನ ಕನಿಷ್ಠವಾದ ಆರು ಸಾವಿರಕ್ಕೆ ಇಳಿಸಿಕೊಳ್ಳಬಹುದು. ಅದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿ ಕಾರಿಗೆ ನೂರು ರೂಪಾಯಿ, ಬೈಕಿಗೆ ಐವತ್ತು ರೂಪಾಯಿ.

ನೂರು ರೂಪಾಯಿ ಉಳಿಸಲು ಏಳು ಲಕ್ಷ ನಲವತ್ತನಾಲ್ಕು ಸಾವಿರದ ರಕ್ಷಣೆ ಬಿಟ್ಟುಕೊಡುವ ವ್ಯವಹಾರ ಇದು. ತಿಳಿದೂ ತಿಳಿದೂ ಯಾರು ಮಾಡುತ್ತಾರೆ? ತಿಳಿಯದೆ ಮಾಡುತ್ತಾರೆ. ಭಾವನ ಕಾರಿನ ಪಾಲಿಸಿ ಮಾಡಿಸಿದ ಏಜೆಂಟು "ಸಾರ್, ನಿಮಗೆ ಆದಷ್ಟು ಕಡಿಮೆ ಮಾಡಿ ಕೊಟ್ಟಿದೀನಿ" ಅಂದಿದ್ದನಂತೆ. ಆ ಕಡಿಮೆಯಲ್ಲಿ ಈ ನೂರೂ ಇತ್ತು. ಫಾರಮ್ಮಿನಲ್ಲಿ ಆ ಚೌಕಕ್ಕೆ ಟಿಕ್ ಹಾಕಿದ್ದು ಏಜೆಂಟು, ಕೆಳಗೆ ಸಹಿ ಹಾಕಿದ್ದು ಭಾವ. 2009ರಲ್ಲಿ ಕಾರು ತಗೊಂಡದ್ದು, ಪ್ರತಿ ವರ್ಷ ಅದೇ ಹಳೇ ಪಾಲಿಸಿ ನೋಡಿ ರಿನ್ಯೂವಲ್. ಐದು ಸಲ ಪ್ರೀಮಿಯಂ ಕಟ್ಟಿದರು, ಐದು ನೂರು ರೂಪಾಯಿ ಉಳಿಸಿದರು.

ಶೆಟ್ಟರ ಗೋಡೆ, ಭಾವನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ.

ಕರೆಂಟು ಆಫೀಸಿನವರು ಮರುದಿನವೇ ಬಂದು ಹೊಸ ಕಂಬ ನೆಟ್ಟರು. ವಾರ ಬಿಟ್ಟು ಎಸ್ಟಿಮೇಟ್ ಬಂತು. ಕಂಬ, ಅದರ ಮೇಲಿನ ಅಡ್ಡಪಟ್ಟಿ, ಪಿಂಗಾಣಿ ಬಟ್ಟಲುಗಳು, ತಂತಿ, ಸಾಗಾಟ, ಕೂಲಿ ಎಲ್ಲ ಸೇರಿ 37,400 ರೂಪಾಯಿ. ಭಾವ ಗಲಾಟೆ ಬೇಡ ಅಂತ ಅದನ್ನು ಕಟ್ಟಿ ರಸೀತಿ ತಂದರು. ಇದಲ್ಲದೆ ವಿದ್ಯುತ್ ಕಾಯ್ದೆಯ 139ನೇ ಸೆಕ್ಷನ್ನಿನಲ್ಲಿ ಅಜಾಗರೂಕತೆಯಿಂದ ವಿದ್ಯುತ್ ಸಾಮಗ್ರಿ ಮುರಿದವರಿಗೆ ಹತ್ತು ಸಾವಿರದವರೆಗೆ ದಂಡ ಹಾಕುವ ಅವಕಾಶವೂ ಇದೆ. ಅದೃಷ್ಟಕ್ಕೆ ಅದು ಬರಲಿಲ್ಲ. ದಂಡ ಬಂದಿದ್ದರೆ ಅದನ್ನು ಯಾವ ಪಾಲಿಸಿಯೂ ಕಟ್ಟುವುದಿಲ್ಲ ಅನ್ನುವುದು ತಿಳಿದಿರಲಿ. ನಷ್ಟ ತುಂಬಿಕೊಡುವುದು ಬೇರೆ, ಶಿಕ್ಷೆಯ ದಂಡ ಬೇರೆ.

ಶೆಟ್ಟರ ಕಡೆ ಇಂಜಿನಿಯರೊಬ್ಬರು ಗೋಡೆ, ಷಟರು, ಒಳಗಿನ ಕಪಾಟು, ಒದ್ದೆಯಾದ ಸಾಮಾನು ಸೇರಿಸಿ 84,000 ಅಂತ ಬರೆದುಕೊಟ್ಟರು. ಅಪಘಾತದ ಸಂಜೆಯೇ ಊರ ಹಿರಿಯರು ಸೇರಿ ಮಾತಾಡಿದ್ದರಲ್ಲ, ಆಗ ಭಾವ ಹತ್ತು ಸಾವಿರ ಕೈಗೆ ಕೊಟ್ಟು, "ತಪ್ಪು ನನ್ನದೇ, ಮಿಕ್ಕದ್ದು ಇನ್ಶೂರೆನ್ಸಿನಿಂದ ಕೊಡಿಸುತ್ತೇನೆ" ಅಂತ ಒಂದು ಹಾಳೆಗೆ ಸಹಿ ಹಾಕಿದ್ದರು. ಒಳ್ಳೆಯ ಮನುಷ್ಯರು ಮಾಡುವ ಕೆಲಸವೇ ಅದು. ಆದರೆ ಪಾಲಿಸಿಯ ಷರತ್ತುಗಳಲ್ಲಿ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣ ಕೊಡಬಾರದು, ಕೊಡುವ ಭರವಸೆಯನ್ನೂ ಕೊಡಬಾರದು ಅಂತ ಸ್ಪಷ್ಟವಾಗಿ ಇದೆ. ಕಂಪನಿಯವರು ಆ ಹಾಳೆಯ ಜೆರಾಕ್ಸ್ ನೋಡಿದ ಕೂಡಲೇ ಕತ್ತು ಅಲ್ಲಾಡಿಸಿದರು.

ಶೆಟ್ಟರು ಟ್ರಿಬ್ಯೂನಲ್ಲಿಗೆ ಹೋದರು. ಹೋಗಲೇಬೇಕಾಗಿತ್ತು, ಯಾಕೆಂದರೆ ಕಂಪನಿ ತಾನಾಗಿ ಕೊಡಲು ಒಪ್ಪದಿದ್ದಾಗ ಮೂರನೆಯವರಿಗೆ ಇರುವ ದಾರಿ ಅದೇ. 166ನೇ ಸೆಕ್ಷನ್ನಿನಲ್ಲಿ ಗಾಯಗೊಂಡವರಂತೆ ಆಸ್ತಿಯ ಮಾಲೀಕರೂ ಅರ್ಜಿ ಹಾಕಬಹುದು. ಒಂದೂವರೆ ವರ್ಷ ಎಳೆದು ಕೊನೆಗೆ ಲೋಕ ಅದಾಲತ್ತಿನಲ್ಲಿ 70,000ಕ್ಕೆ ರಾಜಿಯಾಯಿತು. ಹಳೇ ಗೋಡೆಗೆ ಹೊಸ ಗೋಡೆಯ ಪೂರ್ತಿ ಬೆಲೆ ಕೊಡಲಾಗದು ಅಂತ ಹದಿನಾಲ್ಕು ಸಾವಿರ ಕಳೆದರು. ಆ ಎಪ್ಪತ್ತರಲ್ಲಿ ಕಂಪನಿ ಕೊಟ್ಟದ್ದು ಆರು ಸಾವಿರ. ಭಾವನ ಪಾಲು 64,000, ಮೊದಲು ಕೊಟ್ಟ ಹತ್ತು ಸಾವಿರ ಕಳೆದು 54,000ವನ್ನು ಮೂರು ಕಂತಿನಲ್ಲಿ ಕೊಟ್ಟರು. ಕಂಬದ ದುಡ್ಡು ಕಂಪನಿಯಿಂದ ಬರುತ್ತದಾ ಅಂತ ಕೇಳಿದರೆ, ಒಂದು ಅಪಘಾತಕ್ಕೆ ಆರು ಸಾವಿರ, ಅದು ಶೆಟ್ಟರಿಗೆ ಹೋಯಿತು, ಮುಗಿಯಿತು ಅಂದರು.

ಕೂಡಿಸಿ ನೋಡಿ. ಗೋಡೆಗೆ 64,000, ಕಂಬಕ್ಕೆ 37,400. ಭಾವನ ಕೈಯಿಂದ ಹೋದದ್ದು 1,01,400 ರೂಪಾಯಿ. ಉಳಿಸಿದ್ದು 500 ರೂಪಾಯಿ. ಆ ಚೌಕಕ್ಕೆ ಟಿಕ್ ಬೀಳದೆ ಇದ್ದಿದ್ದರೆ, ಕಂಪನಿಗೆ ಮೊದಲೇ ತಿಳಿಸಿ ಅವರ ಒಪ್ಪಿಗೆಯಲ್ಲಿ ನಡೆದಿದ್ದರೆ, ಒಟ್ಟು ಹಾನಿಯಾದ 1,07,400 ಪೂರ್ತಿ ಏಳೂವರೆ ಲಕ್ಷದ ಮಿತಿಯೊಳಗೆ ಕೂರುತ್ತಿತ್ತು.

ಶೆಟ್ಟರ ಕಡೆಯಿಂದಲೂ ನೋಡಬೇಕು. ಒಂದೂವರೆ ವರ್ಷ ಅವರು ಆ ಗೋಡೆಗೆ ತಗಡು ಹೊಡೆದು ವ್ಯಾಪಾರ ಮಾಡಿದರು. ಭಾವನ ಹತ್ತಿರ ಜಮೀನಿತ್ತು, ಮರ್ಯಾದೆಗೆ ಅಂಜುವ ಮನುಷ್ಯ, ಕೊಟ್ಟರು. ಗುದ್ದಿದವನು ದಾರಿಹೋಕನಾಗಿದ್ದರೆ? ಆರು ಸಾವಿರ ಇಸಿದುಕೊಂಡು ಮಿಕ್ಕದ್ದಕ್ಕೆ ಅವನ ಊರು ಹುಡುಕಿಕೊಂಡು ಹೋಗಬೇಕಿತ್ತು. 1950ರ ಅಂಗಡಿಯವನ ಪಾಡೇ ಮತ್ತೆ. 2014ರಲ್ಲಿ ಆರು ಸಾವಿರಕ್ಕೆ ಎರಡು ಗ್ರಾಂ ಚಿನ್ನ ಬರುತ್ತಿತ್ತು. ಇಂದು ಒಂದು ಗ್ರಾಮೂ ಬರದು.

ಅಂಕಿ ಅಳಿಸಿ ಹೋದದ್ದು

2019ರಲ್ಲಿ ಸಂಸತ್ತು ಕಾಯ್ದೆಯನ್ನು ಮತ್ತೆ ತಿದ್ದಿತು. ಹೆಲ್ಮೆಟ್ಟು, ದಂಡಗಳ ಬಗ್ಗೆ ಎಲ್ಲರೂ ಮಾತಾಡಿದ ತಿದ್ದುಪಡಿ ಅದು. ವಿಮೆಯ ಅಧ್ಯಾಯವನ್ನೇ ಅದರಲ್ಲಿ ಹೊಸದಾಗಿ ಬರೆದರು ಅನ್ನುವುದು ಅಷ್ಟು ಜನರ ಗಮನಕ್ಕೆ ಬರಲಿಲ್ಲ. ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೊಸ 147ನೇ ಸೆಕ್ಷನ್ನಿನಲ್ಲಿ ಮೂರನೆಯವರ ಆಸ್ತಿಗೆ ವಿಮೆ ಇರಬೇಕು ಅನ್ನುವ ಮಾತು ಹಾಗೇ ಉಳಿದಿದೆ. ಆರು ಸಾವಿರ ಅನ್ನುವ ಅಂಕಿ ಮಾತ್ರ ಇಲ್ಲ. 1982ರಲ್ಲಿ ಹುಟ್ಟಿದ ಆ ಅಂಕಿ ಹತ್ತಿರ ಹತ್ತಿರ ನಲವತ್ತು ವರ್ಷ ಬಾಳಿ ಸದ್ದಿಲ್ಲದೆ ಹೋಯಿತು.

ಆದರೆ ಅಂಕಿ ಕಾಯ್ದೆಯಿಂದ ಹೋದ ಮಾತ್ರಕ್ಕೆ ನಿಮ್ಮ ಪಾಲಿಸಿ ಹಾಳೆಯಿಂದ ಹೋಯಿತು ಅಂತ ಅಂದುಕೊಳ್ಳಬೇಡಿ. ಪಾಲಿಸಿಯ ಮಿತಿ ಕರಾರಿನಲ್ಲಿ ಬರೆದ ಮಿತಿ. ಷೆಡ್ಯೂಲ್ ಅನ್ನುವ ಹಾಳೆಯಲ್ಲಿ ಹೊಣೆಯ ಮಿತಿಗಳು ಅನ್ನುವ ಜಾಗ ಇರುತ್ತದೆ. ಅಲ್ಲಿ ಮೂರನೆಯವರ ಆಸ್ತಿ, ಅಂದರೆ ಟಿಪಿಪಿಡಿ ಎದುರಿಗೆ ಎಷ್ಟಿದೆ ನೋಡಿ. ಪ್ರೀಮಿಯಂ ಲೆಕ್ಕದ ಪಟ್ಟಿಯಲ್ಲಿ ಅದೇ ಹೆಸರಿನ ಎದುರು ನೂರು ರೂಪಾಯಿ ಕಳೆದಿದ್ದರೆ ಅಥವಾ ಷರತ್ತುಗಳ ಸಂಖ್ಯೆಯಲ್ಲಿ ಐಎಂಟಿ 20 ಕಂಡರೆ, ನಿಮ್ಮ ಮಿತಿ ಇಳಿದಿದೆ ಅಂತ ಅರ್ಥ. ಮುಂದಿನ ರಿನ್ಯೂವಲ್‌ನಲ್ಲಿ ಅದನ್ನು ತೆಗೆಸಿ.

ಅದೇ ತಿದ್ದುಪಡಿ ಇನ್ನೊಂದು ಹಳೆಯದನ್ನು ವಾಪಸು ತಂದಿದೆ. ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಲು ಹಿಂದೆ ಇದ್ದ ಆರು ತಿಂಗಳ ಗಡುವನ್ನು 1994ರಲ್ಲಿ ತೆಗೆದುಹಾಕಿದ್ದರು. ಈಗ ಮತ್ತೆ ಆರು ತಿಂಗಳು ಅಂತ ಬರೆದಿದ್ದಾರೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದ್ದಾರೆ. ಆದರೂ ಗೋಡೆ ಬಿದ್ದವರು ಆರು ತಿಂಗಳೊಳಗೆ ಅರ್ಜಿ ಹಾಕಿಬಿಡುವುದೇ ಕ್ಷೇಮ. ರಾಜಿ ಪಂಚಾಯ್ತಿ ಅಂತ ವರ್ಷ ಕಳೆದರೆ ಕಷ್ಟ.

ಗುದ್ದಿದವರಿಗೆ ಎರಡು ಮಾತು. ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಇದು ಬರೀ ಗಾಯವಾದಾಗ ಅಲ್ಲ, ಆಸ್ತಿಗೆ ಹಾನಿಯಾದಾಗಲೂ ಹೌದು. ಕಂಪನಿಗೆ ಹೇಳಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ ಅಂತ ಎಷ್ಟೋ ಜನ ಸುಮ್ಮನಿರುತ್ತಾರೆ. ಆ ಬೋನಸ್ಸು ನಿಮ್ಮ ಸ್ವಂತ ಗಾಡಿಯ ಹಾನಿಯ ಭಾಗಕ್ಕೆ ಸೇರಿದ್ದು. ಮೂರನೆಯವರ ಗೋಡೆಗೆ ಕಂಪನಿ ದುಡ್ಡು ಕೊಟ್ಟರೆ ಅದು ಹೋಗುವುದಿಲ್ಲ.

ಕೊನೆಗೊಂದು ತಮಾಷೆ. ಎಲ್ಲ ಮುಗಿದು, ಪಾಲಿಸಿಯ ಟಿಕ್ ತೆಗೆಸಿ ಏಳೂವರೆ ಲಕ್ಷ ಮಾಡಿಸಿದ ಮೇಲೆ ಭಾವ ಒಂದು ದಿನ ಕಾರು ರಿವರ್ಸ್ ತೆಗೆಯುವಾಗ ಅವರದೇ ಮನೆಯ ಕಾಂಪೌಂಡಿಗೆ ತಾಗಿಸಿದರು. ನನಗೆ ಫೋನ್ ಮಾಡಿ, "ಈಗ ಏಳೂವರೆ ಲಕ್ಷ ಇದೆಯಲ್ಲ, ಕ್ಲೇಮ್ ಹಾಕೋಣ್ವಾ?" ಅಂದರು. ನಾನು ಹೇಳಿದೆ, "ಭಾವ, ಆ ಗೋಡೆ ಯಾರದ್ದು?" "ನಮ್ದೇ." "ಹಾಗಾದ್ರೆ ಮೂರನೆಯವರು ಯಾರು?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಅಕ್ಕನ್ನ ಮೂರನೆಯವಳು ಅಂತ ತೋರಿಸೋಕೆ ಬರಲ್ವಾ?" ಅಂದರು. ಹಿಂದಿನಿಂದ ಅಕ್ಕ ಏನೋ ಅಂದದ್ದು ಕೇಳಿಸಿತು, ಫೋನ್ ಕಟ್ಟಾಯಿತು.

ಇದನ್ನು ಓದಿದವರು ಇವತ್ತು ಒಂದು ಕೆಲಸ ಮಾಡಿ. ಕಾರಿನ ಡ್ಯಾಷ್‌ಬೋರ್ಡಿನಲ್ಲೋ ಬೀರುವಿನಲ್ಲೋ ಇರುವ ಪಾಲಿಸಿ ತೆಗೆದು ಆ ಒಂದು ಸಾಲು ನೋಡಿ. ಎಷ್ಟಿದೆ ಅಂತ ನನಗೂ ತಿಳಿಸಿ.